ಸಿನಿಮಾ ಟಿಕೆಟ್‌ನಲ್ಲಿ ಯುಎ ಪಕ್ಕದ ಅಂಕಿ ನೋಡಿ

ಗ್ರೂಪಿಗೆ ಯಾರಾದರೂ ಟಿಕೆಟ್ ಫೋಟೋ ಹಾಕಿ ‘ಮಕ್ಕಳಿಗೆ ಆಗುತ್ತದಾ?’ ಎಂದು ಕೇಳಿದರೆ, ಫೋಟೋ ದೊಡ್ಡದು ಮಾಡಿ ‘ಯುಎ’ ಪಕ್ಕದ ಅಂಕಿ ನೋಡಿ. ಅದು 7+, 13+ ಅಥವಾ 16+ ಇರುತ್ತದೆ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ತೋರಿಸಬೇಕೇ ಎಂಬುದನ್ನು ತಂದೆತಾಯಿ ಯೋಚಿಸಿ ತೀರ್ಮಾನಿಸಲಿ ಎಂದಷ್ಟೇ ಅದರ ಅರ್ಥ. ನಿಮ್ಮ ಮಗುವಿಗೆ 9 ವರ್ಷ, ಟಿಕೆಟ್‌ನಲ್ಲಿ ಯುಎ 13+ ಎಂದುಕೊಳ್ಳಿ. ಈ ಅಂಕಿಯ ಕಾರಣಕ್ಕೆ ಗೇಟಿನಲ್ಲಿ ತಡೆಯುವಂತಿಲ್ಲ, ಜವಾಬ್ದಾರಿ ನಿಮ್ಮದೇ. ‘ಎ’ ಇದ್ದರೆ ಮಾತ್ರ 18ರ ಒಳಗಿನವರಿಗೆ ಪ್ರವೇಶವೇ ಇಲ್ಲ, ಅಪ್ಪ ಅಮ್ಮ ಜೊತೆಗಿದ್ದರೂ ಅಷ್ಟೆ. ಬರೀ ‘ಯು’ ಆದರೆ ಎಲ್ಲರಿಗೂ. ‘3 ವರ್ಷ ಮೇಲ್ಪಟ್ಟ ಮಕ್ಕಳಿಗೆ ಟಿಕೆಟ್ ಬೇಕು’ ಎಂಬ ಸಾಲು ದುಡ್ಡಿನ ಲೆಕ್ಕ, ಅದನ್ನು ನೋಡಿ ಮೋಸ ಹೋಗಬೇಡಿ. ಈ ಉಪಾಯ ಎರಡು ಕಡೆ ಕೈಕೊಡುತ್ತದೆ. ಅಂಕಿಯ ಪದ್ಧತಿ 2024ರಲ್ಲಿ ಬಂದದ್ದು. ಹಳೆಯ ಸಿನಿಮಾ ಮತ್ತೆ ಬಿಡುಗಡೆಯಾದರೆ ಬರೀ ‘ಯುಎ’ ಇರಬಹುದು, ಆಗ ಅದು 12ರ ಒಳಗಿನವರ ಕುರಿತ ಎಚ್ಚರಿಕೆ. ಇನ್ನೊಂದು ನಮ್ಮ ಕಾಸರಗೋಡಿನವರಿಗೇ ಜಾಸ್ತಿ ಬೇಕಾದದ್ದು: ಡಬ್ ಆದ ಸಿನಿಮಾಕ್ಕೆ ಪ್ರತಿ ಭಾಷೆಯಲ್ಲೂ ಬೇರೆ ಸರ್ಟಿಫಿಕೇಟ್. ಮಂಗಳೂರಿನ ನೆಂಟರು ಕಳಿಸಿದ ಕನ್ನಡ ಪೋಸ್ಟರ್ ನೋಡಿ ಇಲ್ಲಿ ಮಲಯಾಳಂ ಶೋ ಬುಕ್ ಮಾಡಬೇಡಿ. ನೀವು ನೋಡುವ ಭಾಷೆಯ ಟಿಕೆಟ್‌ನಲ್ಲೇ ಅಂಕಿ ಹುಡುಕಿ.