ಒಂದೇ ಹಳದಿ, ಎರಡು ಬಾಟಲಿ

ನಮ್ಮ ಕಡೆ ಕೀಟನಾಶಕಕ್ಕೆ ಯಾರೂ ವಿಷ ಎನ್ನುವುದಿಲ್ಲ. 'ಗದ್ದೆಗೆ ಔಷಧಿ ಹೊಡೆಯಬೇಕು' ಎನ್ನುತ್ತೇವೆ. ತೀರ್ಥಹಳ್ಳಿಯ ಹತ್ತಿರ ನನಗೆ ಒಂದೂವರೆ ಎಕರೆ ಗದ್ದೆ, ಎರಡು ಎಕರೆ ಅಡಿಕೆ ತೋಟವಿದೆ. ಅಂಗಡಿಗೆ ಹೋಗಿ 'ಹುಳಕ್ಕೆ ಏನಾದರೂ ಔಷಧಿ ಕೊಡಿ' ಎಂದು ಕೇಳಿ, ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುವುದೇ ನನಗೂ ಅಭ್ಯಾಸವಾಗಿತ್ತು. ಬಾಟಲಿಯ ಮೇಲೆ ತಲೆಬುರುಡೆಯ ಚಿತ್ರ ಇದೆಯೇ ಎಂದು ಮಾತ್ರ ನೋಡುತ್ತಿದ್ದೆ. ಇಲ್ಲದಿದ್ದರೆ ಸಮಾಧಾನ.

ಆ ಸಮಾಧಾನವೇ ತಪ್ಪು ಎಂದು ಗೊತ್ತಾಗಿದ್ದು ಒಂದು ಭಾದ್ರಪದದಲ್ಲಿ. ಭತ್ತಕ್ಕೆ ಎಲೆ ಸುರುಳಿ ಹುಳು ಬಿದ್ದಿತ್ತು. ಅಂಗಡಿಯಿಂದ ಕ್ಲೋರ್‌ಪೈರಿಫಾಸ್ ತಂದೆ. ಬುರುಡೆ ಇರಲಿಲ್ಲ, ಹಳದಿ ಬಣ್ಣವಿತ್ತು. ಹಳದಿ ಎಂದರೆ ರಸ್ತೆಯ ದೀಪದ ಹಾಗೆ ಸ್ವಲ್ಪ ನಿಧಾನಿಸು ಎಂದು ನಾನು ತಿಳಿದಿದ್ದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಅಣ್ಣ ಬಕೆಟ್ಟಿನಲ್ಲಿ ಕೈಯಿಂದಲೇ ಕಲಸಿ, ಮೈಗೆ ಒಂದು ಬನಿಯನ್ ಮಾತ್ರ ಹಾಕಿಕೊಂಡು ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಡೆದರು. ಪಂಪಿನ ಮುಚ್ಚಳದಿಂದ ಸೋರಿದ್ದು ಅವರ ಬೆನ್ನನ್ನು ಒದ್ದೆ ಮಾಡಿತ್ತು. ಸಂಜೆಯಾಗುವಾಗ ಅವರಿಗೆ ವಿಪರೀತ ಬೆವರು, ಬಾಯಲ್ಲಿ ನೀರು, ವಾಂತಿ. ಟಾರ್ಚ್ ಹಿಡಿದು ನೋಡಿದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, 'ಯಾವುದು ಹೊಡೆದಿರಿ?' ನಾನು 'ಭತ್ತದ ಹುಳದ ಔಷಧಿ ಸಾರ್' ಎಂದೆ. ಅವರು ಮುಖ ನೋಡಿದರು. ಮಗ ಬೈಕಿನಲ್ಲಿ ಮನೆಗೆ ಹೋಗಿ ಬಾಟಲಿ ತಂದ. ವೈದ್ಯರು ಅದನ್ನು ತಿರುಗಿಸಿ ಎರಡು ಜಾಗ ನೋಡಿದರು: ಒಳಗಿರುವ ರಾಸಾಯನಿಕದ ಹೆಸರು, ಮತ್ತು ಪ್ರತಿವಿಷ ಎಂದು ಬರೆದಿರುವ ಸಾಲು. ಅಲ್ಲಿ ಅಟ್ರೋಪಿನ್ ಎಂದಿತ್ತು. ಅದನ್ನೇ ಕೊಟ್ಟರು. ಮೂರನೆಯ ದಿನ ಅಣ್ಣ ಮನೆಗೆ ಬಂದರು. ಅವರು ಮನೆಗೆ ಬರುವವರೆಗೆ ನನಗೆ ಊಟ ಸೇರಲಿಲ್ಲ.

ಆಮೇಲೆ ಅದೇ ಬಾಟಲಿಯನ್ನು ಜಗಲಿಯಲ್ಲಿಟ್ಟುಕೊಂಡು ಮೊದಲ ಸಲ ಸರಿಯಾಗಿ ಓದಿದೆ. ಲೇಬಲ್ಲಿನ ಮೇಲಿನ ಬಣ್ಣದ ಗುರುತಿಗೆ ನಾವು ತ್ರಿಕೋನ ಎನ್ನುತ್ತೇವೆ, ಅದು ನಿಜವಾಗಿ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ. ಅಡ್ಡಗೆರೆ ಎಳೆದು ಎರಡು ತ್ರಿಕೋನ ಮಾಡಿರುತ್ತಾರೆ. ಕೆಳಗಿನದರಲ್ಲಿ ಬಣ್ಣ, ಮೇಲಿನದರಲ್ಲಿ ಪದ. 1971ರ ಕೀಟನಾಶಕ ನಿಯಮಗಳ ಪ್ರಕಾರ ಇದು ಪ್ರತಿ ಪೊಟ್ಟಣದ ಮೇಲೂ ಇರಲೇಬೇಕು. ಬಣ್ಣಗಳು ನಾಲ್ಕು. ಕೆಂಪು ಅತ್ಯಂತ ವಿಷಕಾರಿ, ನಂತರ ಹಳದಿ, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಕೆಂಪಿನ ಮೇಲೆ ತಲೆಬುರುಡೆ ಮತ್ತು 'ವಿಷ' ಎಂಬ ಪದ. ನೀಲಿಯ ಮೇಲೆ 'ಅಪಾಯ', ಹಸಿರಿನ ಮೇಲೆ 'ಎಚ್ಚರಿಕೆ'. ನಾನು ಎಡವಿದ್ದು ಹಳದಿಯಲ್ಲಿ. ಅಲ್ಲಿ ಬುರುಡೆ ಇರುವುದಿಲ್ಲ, ಆದರೆ ಪದ ಕೆಂಪಿನದ್ದೇ: ಕೆಂಪು ಅಕ್ಷರದಲ್ಲಿ 'ವಿಷ'. ಬುರುಡೆ ಹುಡುಕುವವನ ಕಣ್ಣಿಗೆ ಅದು ಬೀಳುವುದಿಲ್ಲ. ಬಣ್ಣಕ್ಕಿಂತ ಮೊದಲು ಪದ ಓದುವುದನ್ನು ನಾನು ಕಲಿತದ್ದು ಹೀಗೆ. ಬಾಟಲಿಯೇ ಹಸಿರಾಗಿರುವುದು, ಮೇಲೆ ಎಲೆಯ ಚಿತ್ರವಿರುವುದು ಇವಕ್ಕೂ ಈ ಬಣ್ಣಕ್ಕೂ ಸಂಬಂಧವೇ ಇಲ್ಲ. ಬಣ್ಣಕ್ಕಾಗಿ ನೋಡಬೇಕಾದದ್ದು ಆ ಚೌಕದ ಕೆಳಭಾಗವನ್ನು ಮಾತ್ರ.

ಇಷ್ಟು ಗೊತ್ತಾದರೆ ಸಾಕು ಎಂದುಕೊಂಡಿದ್ದೆ. ಮರುವರ್ಷ ತೋಟದ ಕಳೆಗೆಂದು ಅಂಗಡಿಗೆ ಹೋದಾಗ ಮಾಲೀಕರು ಒಂದು ಕಳೆನಾಶಕ ಮುಂದಿಟ್ಟರು, ಪ್ಯಾರಾಕ್ವಾಟ್. 'ಎರಡು ದಿನದಲ್ಲಿ ಹುಲ್ಲು ಸುಟ್ಟ ಹಾಗಾಗುತ್ತದೆ, ನೋಡಿ' ಎಂದರು. ತಿರುಗಿಸಿದೆ. ಹಳದಿ, 'ವಿಷ'. ಹೋದ ವರ್ಷದ ಬಾಟಲಿಯದ್ದೇ ದರ್ಜೆ. ಕೈಗವಸು, ಉದ್ದ ತೋಳಿನ ಅಂಗಿ ಹಾಕಿದರೆ ಆಯಿತು ಎಂದುಕೊಳ್ಳುತ್ತಿದ್ದೆನೇನೋ. ಆಸ್ಪತ್ರೆಯ ನೆನಪಿನಿಂದ ಪ್ರತಿವಿಷದ ಸಾಲು ಹುಡುಕಿದೆ. ಅಕ್ಷರ ಸಾಸಿವೆಗಿಂತ ಸಣ್ಣದು, ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಬೇಕಾಯಿತು. ನಿರ್ದಿಷ್ಟ ಪ್ರತಿವಿಷ ಇಲ್ಲ ಎಂದಿತ್ತು.

ಅಲ್ಲಿಯೇ ನಿಂತುಬಿಟ್ಟೆ. ಕ್ಲೋರ್‌ಪೈರಿಫಾಸ್ ನರಗಳ ಮೇಲೆ ಕೆಲಸ ಮಾಡುತ್ತದೆ, ಬೇಗ ಗೊತ್ತಾಗುತ್ತದೆ, ಆಸ್ಪತ್ರೆಗೆ ತಲುಪಿದರೆ ಕೊಡಲು ಮದ್ದಿದೆ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಮೂತ್ರಪಿಂಡ ಮತ್ತು ಶ್ವಾಸಕೋಶ ಹಾಳಾಗುತ್ತವೆ. ಮೊದಲ ದಿನ ಮನುಷ್ಯ ಮಾತನಾಡಿಕೊಂಡಿರಬಹುದು, ಆದರೆ ತಿರುಗಿಸುವ ಮದ್ದು ವೈದ್ಯರ ಬಳಿ ಇಲ್ಲ. ಇಷ್ಟು ವ್ಯತ್ಯಾಸವಿರುವ ಎರಡಕ್ಕೂ ಒಂದೇ ಬಣ್ಣ ಹೇಗೆ ಬಂತು? ಬಣ್ಣ ನಿರ್ಧಾರವಾಗುವುದು ಒಂದು ಅಳತೆಯಿಂದ: ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಒಂದು ಕಿಲೋ ದೇಹತೂಕಕ್ಕೆ ಎಷ್ಟು ಮಿಲಿಗ್ರಾಂ ಬೇಕು ಎಂಬುದು. ಬಾಯಿಯ ಮೂಲಕ 50ರ ಒಳಗಾದರೆ ಕೆಂಪು, 51ರಿಂದ 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಚರ್ಮಕ್ಕೆ ಬೇರೆ ಅಂಕಿಗಳಿವೆ. ಸಾಯಿಸುವ ಪ್ರಮಾಣವನ್ನಷ್ಟೇ ಅದು ಹೇಳುತ್ತದೆ. ಸಾಯುವ ಬಗೆ, ಉಳಿಸುವ ದಾರಿ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಮೈಗೆ ತಾಗಿದರೆ ಏನಾಗುತ್ತದೆ ಎಂಬುದು, ಯಾವುದೂ ಆ ಬಣ್ಣದಲ್ಲಿಲ್ಲ.

ಅದೇ ಲೇಬಲ್ಲಿನಲ್ಲಿ ಯಾವ ಬೆಳೆಗಳಿಗೆ ಬಳಸಬಹುದು ಎಂಬ ಪಟ್ಟಿಯನ್ನೂ ನೋಡಿದೆ. ಚಹಾ, ಆಲೂಗಡ್ಡೆ, ಹತ್ತಿ, ರಬ್ಬರ್ ಇದ್ದವು, ಅಡಿಕೆ ಇರಲಿಲ್ಲ. ಮಾಲೀಕರಿಗೆ ತೋರಿಸಿದೆ. 'ಎಲ್ಲರೂ ತೋಟಕ್ಕೆ ಒಯ್ಯುತ್ತಾರೆ ಮಾರಾಯರೇ' ಎಂದರು. ಇರಬಹುದು. ನಾನು ಬಾಟಲಿ ಅಲ್ಲೇ ಬಿಟ್ಟು ಬಂದೆ. ಕಳೆ ಕೊಚ್ಚುವ ಯಂತ್ರವನ್ನು ಬಾಡಿಗೆಗೆ ತಂದು ವರ್ಷಕ್ಕೆ ಎರಡು ಸಲ ಹುಲ್ಲು ಸವರಿಸುತ್ತೇನೆ. ಖರ್ಚು ಹೆಚ್ಚು ಎಂಬುದು ನಿಜ.

ಗದ್ದೆಗೆ ಈಗ ಎಲೆ ಸುರುಳಿ ಹುಳು ತೀರಾ ಹೆಚ್ಚಾದಾಗ ಮಾತ್ರ ಹಸಿರು ತ್ರಿಕೋನದ ಕ್ಲೋರಾಂಟ್ರಾನಿಲಿಪ್ರೋಲ್ ತರುತ್ತೇನೆ. ಅದರ ಪಟ್ಟಿಯಲ್ಲಿ ಭತ್ತವೂ ಇದೆ, ಈ ಹುಳುವೂ ಇದೆ. ಎಕರೆಗೆ 60 ಮಿಲಿಲೀಟರ್ ಸಾಕು. ಆದರೆ ಹಸಿರೆಂದು ಮೈಮರೆಯುವ ಹಾಗಿಲ್ಲ. ಆ ಬಣ್ಣ ನನ್ನ ಹೊಟ್ಟೆಯ ಲೆಕ್ಕ, ಹಳ್ಳದ ಲೆಕ್ಕವಲ್ಲ. ನೀರಿನ ಸಣ್ಣ ಜೀವಿಗಳಿಗೂ ರೇಷ್ಮೆ ಹುಳುವಿಗೂ ಇದು ಘೋರ ವಿಷ. ನಮ್ಮ ಗದ್ದೆಯ ನೀರು ಕೆಳಗಿನ ಹಳ್ಳಕ್ಕೇ ಇಳಿಯುತ್ತದೆ. ಹಾಗಾಗಿ ಮಳೆ ಕಟ್ಟುವ ಲಕ್ಷಣವಿದ್ದರೆ ಆ ದಿನ ಹೊಡೆಯುವುದಿಲ್ಲ, ಹಳ್ಳದ ಬದಿಯ ಸಾಲನ್ನು ಬಿಟ್ಟೇ ಬಿಡುತ್ತೇನೆ, ಪಂಪು ತೊಳೆದ ನೀರನ್ನು ಕಾಲುವೆಗೆ ಚೆಲ್ಲಲು ಕೊಡುವುದಿಲ್ಲ.

ಲೇಬಲ್ ಹರಿದದ್ದು, ಬೇರೆ ಬಾಟಲಿಗೆ ಬಗ್ಗಿಸಿದ್ದು, ಪಕ್ಕದ ಮನೆಯವರು 'ಉಳಿದಿದೆ, ಒಯ್ಯಿ' ಎಂದು ಪ್ರೀತಿಯಿಂದ ಕೊಡುವುದು, ಇವನ್ನು ಮನೆಯೊಳಗೆ ತರುವುದಿಲ್ಲ. ಹೊಡೆಯುವ ದಿನ ಬಾಟಲಿಯ ನಾಲ್ಕೂ ಬದಿಯ ಫೋಟೋ ಅಣ್ಣನ ಮೊಬೈಲಿನಲ್ಲೂ ಅವರ ಮನೆಯಾಕೆಯ ಮೊಬೈಲಿನಲ್ಲೂ ಇರುತ್ತದೆ. ಹೋದ ಸಲ ಕೈಗವಸು ಹಾಕಿಕೊಳ್ಳುವ ಮೊದಲು ಅಣ್ಣನೇ ಬಾಟಲಿ ತಿರುಗಿಸಿ, 'ಇದರಲ್ಲಿ ಏನು ಬರೆದಿದ್ದಾರೆ, ಓದಿ ಹೇಳಿ' ಎಂದರು.