ಕೆರೆ ಪ್ರಾಣಿಗೆ ದನಿ ಕೊಟ್ಟಿದ್ದು: ಮೂರು ಮಾಮೂಲಿ ರೆಕಾರ್ಡಿಂಗ್, ಒಂದೇ ಗಂಟಲು

ನಮ್ಮ ಚಿಕ್ಕಬಳ್ಳಾಪುರದ ಕಡೆ ಹುಡುಗರು ಸೇರ್ಕೊಂಡು ಒಂದು ಕಿರುಚಿತ್ರ ಮಾಡಿದ್ವಿ, ಅದರಲ್ಲಿ ಬತ್ತಿಹೋದ ಕೆರೆಯಂಗಳದಲ್ಲಿ ಇರೋ ಒಂದು ಪ್ರಾಣಿ ಬರುತ್ತೆ, ಅದರ ಸೌಂಡ್ ನನ್ನ ಪಾಲಿಗೆ ಬಂತು. ಡೈರೆಕ್ಟರ್ ಹೇಳಿದ್ದು ಇಷ್ಟೇ, "ಎಮ್ಮೆಯಷ್ಟು ದೊಡ್ಡದು ಕಣೋ, ಕಚ್ಚಲ್ಲ, ಆದ್ರೆ ಹಸಿದೈತೆ. ಕೇಳಿದ್ರೆ ಯಾವ ಪ್ರಾಣಿ ಅಂತ ಗೊತ್ತಾಗಬಾರದು." ತುಂಬ ಜನ ಇಂಥ ಕೆಲಸಕ್ಕೆ ಹುಲಿ, ಆನೆ, ಹಂದಿ ಎಲ್ಲದರ ಸೌಂಡ್ ತಂದು ಒಂದರ ಮೇಲೊಂದು ಇಟ್ಟು ಪಿಚ್ ಇಳಿಸಿಬಿಡ್ತಾರೆ, ಆಗ ಕೇಳೋದು ಒಂದು ಪ್ರಾಣಿ ಅಲ್ಲ, ಮೂರ್ನಾಲ್ಕು ಪ್ರಾಣಿ ಒಟ್ಟಿಗೆ ಕೂಗ್ತಿರೋದು. ಲೇಯರ್ ಎಷ್ಟು ಇದೆ ಅನ್ನೋದು ಮುಖ್ಯನೇ ಅಲ್ಲ, ಅವೆಲ್ಲ ಒಂದೇ ಗಂಟಲಿಂದ ಬಂದಂಗೆ ಕೇಳಬೇಕು. ನಾನು ಅದನ್ನ ಹೆಂಗೆ ಮಾಡಿದೆ ಅಂತ ಬರೀತೀನಿ.

ಮೊದಲು ಸೈಜ್ ನಿರ್ಧಾರ ಮಾಡ್ಕೊಂಡೆ, ಸಾಫ್ಟ್‌ವೇರ್ ತೆಗೆಯೋಕ್ಕೂ ಮುಂಚೆ. ಒಂದು ದನಿ ಕೇಳಿದ ತಕ್ಷಣ ಇದು ದೊಡ್ಡದು ಇದು ಚಿಕ್ಕದು ಅಂತ ನಮಗೆ ಅನ್ನಿಸೋದು ಬರೀ ಪಿಚ್ ನೋಡಿ ಅಲ್ಲ. ಗಂಟಲಿಂದ ತುಟಿವರೆಗಿನ ಕೊಳವೆ ಎಷ್ಟು ಉದ್ದ ಇದೆಯೋ ಅದರ ಮೇಲೆ ಕೆಲವು ಫ್ರೀಕ್ವೆನ್ಸಿಗಳು ಎದ್ದು ಕೇಳುತ್ವೆ, ಅದನ್ನೇ ಫಾರ್ಮೆಂಟ್ ಅನ್ನೋದು. ಬೆಳೆದ ಗಂಡಸಿನಲ್ಲಿ ಈ ಕೊಳವೆ ಸುಮಾರು 17 ಸೆಂಟಿಮೀಟರ್, ಫಾರ್ಮೆಂಟ್‌ಗಳು ಹೆಚ್ಚುಕಮ್ಮಿ 500, 1500, 2500 ಹರ್ಟ್ಜ್ ಹತ್ರ ಬರ್ತವೆ. ಈಗ ರೆಕಾರ್ಡಿಂಗನ್ನ ನಿಧಾನ ಮಾಡಿ ಪಿಚ್ ಇಳಿಸಿದ್ರೆ, ಅಂದ್ರೆ ಹಳೇ ಟೇಪನ್ನ ಸ್ಲೋ ಓಡಿಸಿದ ಥರ ಮಾಡಿದ್ರೆ, ಪಿಚ್ ಜೊತೆ ಫಾರ್ಮೆಂಟೂ ಅದೇ ಲೆಕ್ಕದಲ್ಲಿ ಇಳಿಯುತ್ತೆ. 7 ಸೆಮಿಟೋನ್, ಅಂದ್ರೆ ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಸೇರಿ 7 ಮನೆ, ಇಳಿಸಿದ್ರೆ ಎಲ್ಲಾ ಫ್ರೀಕ್ವೆನ್ಸಿನೂ ಸುಮಾರು 0.667 ಪಟ್ಟಾಗುತ್ತೆ, ನನ್ನ 17 ಸೆಂಟಿಮೀಟರ್ ಗಂಟಲು 25 ಸೆಂಟಿಮೀಟರ್ ದಾಟಿದ ಹಾಗೆ ಕೇಳುತ್ತೆ. ಪೂರ್ತಿ 12 ಸೆಮಿಟೋನ್ ಇಳಿಸಿದ್ರೆ 34 ಆಗುತ್ತೆ, ಆದ್ರೆ ಆಗ ಮಾತು, ಉಸಿರು ಎಲ್ಲಾ ಎಳೆದು ಎಳೆದು, ಇದು ಸ್ಲೋ ಮಾಡಿರೋ ಟೇಪು ಅಂತ ಮಗುವಿಗೂ ಗೊತ್ತಾಗುತ್ತೆ. ನಾನು 7ಕ್ಕೆ ನಿಲ್ಲಿಸಿದೆ, ಮಿಕ್ಕ ದೊಡ್ಡತನ ಬೇರೆ ಲೇಯರ್‌ನಿಂದ ತಗೋಬೋದು ಅಂತ.

ನಾನು ಎಡಿಟ್ ಮಾಡೋದು ರೀಪರ್ ಅನ್ನೋ ಸಾಫ್ಟ್‌ವೇರ್‌ನಲ್ಲಿ, ಆದ್ರೆ ಪಿಚ್ ಟ್ರಯಲ್‌ಗೆ ಸಾಕ್ಸ್ ಅನ್ನೋ ಕಮಾಂಡ್ ಟೂಲ್ ಬಳಸ್ತೀನಿ, ಅದು ಫ್ರೀ, ವ್ಯತ್ಯಾಸ ನೇರವಾಗಿ ಕೇಳಿಸುತ್ತೆ, ಅದರಲ್ಲಿ 700 ಅಂದ್ರೆ 7 ಸೆಮಿಟೋನ್:

```
sox usiru.wav a.wav speed 0.667
sox usiru.wav b.wav pitch -700
```

ಮೊದಲನೇದು ನಿಧಾನ ಮಾಡಿ ಇಳಿಸುತ್ತೆ, 2 ಸೆಕೆಂಡಿನ ಕೂಗು 3 ಸೆಕೆಂಡ್ ಆಗುತ್ತೆ. ಎರಡನೇದು ಟೈಮ್ ಹಾಗೇ ಇಟ್ಟು ಪಿಚ್ ಮಾತ್ರ ಇಳಿಸುತ್ತೆ, ಅದಕ್ಕಾಗಿ ಸೌಂಡನ್ನ ಸಣ್ಣ ಸಣ್ಣ ತುಂಡು ಮಾಡಿ ಮತ್ತೆ ಹೊಲಿಯುತ್ತೆ, ಹಂಗಾಗಿ ಕೆಮ್ಮು, ಗೊರಗೊರ, ತುಟಿ ಬಿಚ್ಚೋ ಸೌಂಡು ಇವೆಲ್ಲ ಮಸುಕಾಗಿ ಒಂಥರಾ ಡಬಲ್ ಡಬಲ್ ಕೇಳುತ್ವೆ. ಪ್ರಾಣಿಯ ದನಿಯಲ್ಲಿ ಜೀವ ಇರೋದೇ ಆ ಗೊರಗೊರದಲ್ಲಿ, ಅದಕ್ಕೆ ನಾನು ಮೂರು ಲೇಯರಿಗೂ ಮೊದಲನೇ ದಾರಿನೇ ಹಿಡಿದೆ. ಇನ್ನು ಪ್ಲಗಿನ್‌ಗಳಲ್ಲಿ ಫಾರ್ಮೆಂಟ್ ಪ್ರಿಸರ್ವ್ ಅಂತ ಒಂದು ಬಟನ್ ಇರುತ್ತೆ, ಅದು ಹಾಡುಗಾರರ ಪಿಚ್ ಸರಿ ಮಾಡೋಕೆ ಚೆನ್ನಾಗಿದೆ, ಇಲ್ಲಿ ಅದನ್ನ ಆನ್ ಮಾಡಿದ್ರೆ ಅದೇ ಮನುಷ್ಯ ತಗ್ಗು ದನಿಯಲ್ಲಿ ಕೂಗ್ದಂಗೆ ಇರುತ್ತೆ, ಮೈ ದೊಡ್ಡದಾಗೋದೇ ಇಲ್ಲ.

ಲೀಡ್ ಲೇಯರ್ ನನ್ನದೇ ದನಿ, ಆದ್ರೆ ಉಸಿರು ಒಳಗೆ ಎಳ್ಕೊಳ್ತಾ ಮಾಡಿದ ದನಿ. ಮನುಷ್ಯ ಮಾತಾಡೋದು ಉಸಿರು ಬಿಡ್ತಾ, ಒಳಗೆ ಎಳೀತಾ ಕೂಗಿದ್ರೆ ದನಿ ಒಡೆದು ಒಡೆದು ಬರುತ್ತೆ, ಕಿವಿಗೆ ಅದು ತಕ್ಷಣ ಮನುಷ್ಯ ಅಂತ ಅನ್ನಿಸಲ್ಲ. ಇದು ಬೇಗ ಗಂಟಲು ಒಣಗಿಸುತ್ತೆ, ನಾಲ್ಕೈದು ಕೂಗು ಆದ್ಮೇಲೆ ನೀರು ಕುಡಿದು ಸುಮ್ಮನೆ ಕೂರಬೇಕು, ನೋವು ಶುರುವಾದ್ರೆ ಆವತ್ತಿಗೆ ನಿಲ್ಲಿಸೋದೇ. ಮತ್ತೆ, ಕೊನೆಗೆ ಒಂದೂವರೆ ಪಟ್ಟು ನಿಧಾನ ಆಗುತ್ತೆ ಅಂತ ಗೊತ್ತಲ್ಲ, ಅದಕ್ಕೆ ನಾನು ಅಷ್ಟೇ ಪಟ್ಟು ಬೇಗ ಬೇಗ, ಎತ್ತರದ ಸ್ವರದಲ್ಲಿ ಕೂಗಿದೆ. ಸುಮಾರು 240 ಹರ್ಟ್ಜ್‌ನಲ್ಲಿ ಕೂಗಿದ್ದು ಇಳಿದ ಮೇಲೆ 160ಕ್ಕೆ ಬಂತು, ವೇಗ ಸಹಜವಾಗಿ ಕೂತ್ಕೊಳ್ತು. ಮೈಕ್ ಮುಂದೆ ಮಾಡುವಾಗ ವಿಚಿತ್ರವಾಗಿ ಅವಸರ ಅನ್ನಿಸಬೇಕು, ಆಗಲೇ ಅದು ಸರಿ ಅಂತ ಲೆಕ್ಕ.

ಮೈಗೆ ನಮ್ಮ ದೊಡ್ಡಮ್ಮನ ಮನೆ ಎಮ್ಮೆ ಕರು. ಅಮ್ಮನ ಹತ್ರ ಬಿಡೋ ಮುಂಚೆ ಅದೇ ತಾನಾಗಿ ಕೂಗುತ್ತೆ, ನಾವು ಸುಮ್ಮನೆ ಮೈಕ್ ಹಿಡ್ಕೊಂಡು ಪಕ್ಕದಲ್ಲಿ ಕಾಯಬೇಕು ಅಷ್ಟೇ. ಈ ಲೇಯರ್‌ನಲ್ಲಿ ಎರಡು ವಿಷಯ ಇದೆ, ಎರಡೂ ಮುಖ್ಯ.

ಒಂದು, ಎಮ್ಮೆಯನ್ನ ಎಮ್ಮೆ ಅಂತ ಗುರುತು ಹಿಡಿಸೋದು ಕೂಗಿನ ಶುರು ಮತ್ತೆ ಕೊನೆಯಲ್ಲಿ ದನಿ ಜಾರೋ ರೀತಿ. ಎರಡನ್ನೂ ಕತ್ತರಿಸಿ ಬರೀ ಮಧ್ಯದ ನೇರ ಭಾಗ ಇಟ್ಕೊಂಡೆ, ಆಮೇಲೆ ಅದು ಯಾರಿಗೂ ಎಮ್ಮೆ ಅನ್ನಿಸಲಿಲ್ಲ. ಇನ್ನೊಂದು, ಪಿಚ್. ಲೀಡ್ 160ರಲ್ಲಿ ಇದ್ದು ಕರು ಯಾವುದೋ 95ರಲ್ಲಿ ಇದ್ರೆ ಕಿವಿ ಎರಡು ಪ್ರಾಣಿ ಅಂತ ಬೇರೆ ಮಾಡಿಬಿಡುತ್ತೆ. ಕರು ಸರಿಯಾಗಿ ಒಂದು ಆಕ್ಟೇವ್ ಕೆಳಗೆ, ಅಂದ್ರೆ ಅರ್ಧಕ್ಕೆ, 80ರಲ್ಲಿ ಇದ್ರೆ, ಅದರ ಮೇಲಿನ ಸ್ವರಗಳು 160, 240, 320 ಹೀಗೆ ಹೋಗುತ್ವೆ, ಲೀಡ್‌ನ ಎಲ್ಲಾ ಸ್ವರನೂ ಅದರ ಒಳಗೇ ಕೂತ್ಕೊಳ್ಳುತ್ತೆ, ಆಗ ಕಿವಿ ಎರಡನ್ನೂ ಸೇರಿಸಿ ಒಂದೇ ದನಿ ಅಂತ ಒಪ್ಕೊಳ್ಳುತ್ತೆ. ನನ್ನ ರೆಕಾರ್ಡಿಂಗ್‌ನಲ್ಲಿ ಕರುವಿನ ಮಧ್ಯ ಭಾಗ 110ರ ಆಸುಪಾಸು ಇತ್ತು, ಐದೂವರೆ ಸೆಮಿಟೋನ್ ಇಳಿಸಿದ್ರೆ 80. ಲೀಡ್ ಎಲ್ಲೆಲ್ಲಿ ಮೇಲೆ ಏರುತ್ತೋ ಅಲ್ಲಿ ಕರುವಿಗೂ ಪಿಚ್ ಎನ್ವಲಪ್, ಅಂದ್ರೆ ಪಿಚ್ ಏರಿಳಿಯೋ ಗೆರೆ, ಬರೆದು ಅದರ ಹಿಂದೆ ಓಡಿಸಿದೆ. ಅತಿ ಹೆಚ್ಚು ಹೊತ್ತು ಹಿಡಿದ ಕೆಲಸ ಇದೇ, ಫಲ ಕೊಟ್ಟಿದ್ದೂ ಇದೇ.

ಮೂರನೇದು ಬಾಯಿ. ಹಸಿದ ಪ್ರಾಣಿ ಅಂದ್ರೆ ಎಂಜಲು, ದವಡೆ, ನಾಲಿಗೆ ಅಲ್ಲೆಲ್ಲೋ ಕೇಳಬೇಕು. ಅದಕ್ಕೆ ಶಿಡ್ಲಘಟ್ಟದ ಕಡೆ ಪರಿಚಯದವರ ಹುಳು ಮನೆಗೆ ಹೋದೆ. ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದ ಮೇಲೆ ರೇಷ್ಮೆ ಹುಳ ಸೊಪ್ಪು ತಿನ್ನೋ ಸೌಂಡು ಕೇಳಿದೋರಿಗೆ ಗೊತ್ತು, ಹೊರಗೆ ಜಡಿಮಳೆ ಹಿಡಿದಂಗೆ ಇರುತ್ತೆ. ಮನೆ ಯಜಮಾನರು ಬಾಗಿಲಲ್ಲೇ ನಿಲ್ಲಿಸಿ, "ಸೆಂಟು ಗಿಂಟು ಹಾಕ್ಕೊಂಡು ಬಂದಿಲ್ಲ ತಾನೇನಪ್ಪ? ಕಾಲು ತೊಳ್ಕೊಂಡು ಒಳಕ್ಕೆ ಬಾ" ಅಂದ್ರು. "ಇಲ್ಲಣ್ಣ, ಏನೂ ಹಾಕಿಲ್ಲ" ಅಂದೆ. ಅದು ಅವರ ಇಡೀ ಬೆಳೆ ವಿಷಯ, ಅಲ್ಲಿ ಅವರು ಹೇಳಿದ್ದೇ ನಡೀಬೇಕು. ಹೊಸ ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಸೌಂಡು ಜೋರಾಗುತ್ತೆ, ಫ್ಯಾನ್ ಒಂದೆರಡು ನಿಮಿಷ ಆಫ್ ಮಾಡೋಕೆ ಒಪ್ಪಿದ್ರು, ಮೈಕನ್ನ ಸೊಪ್ಪಿಂದ ಒಂದು ಗೇಣು ಮೇಲೆ ಹಿಡಿದೆ.

ಇದನ್ನ 12 ಸೆಮಿಟೋನ್ ಇಳಿಸೋದು ಅಂತ ಮೊದಲೇ ಗೊತ್ತಿದ್ದರಿಂದ 96 ಕಿಲೋಹರ್ಟ್ಜ್ ಸ್ಯಾಂಪಲ್ ರೇಟಲ್ಲಿ ರೆಕಾರ್ಡ್ ಮಾಡಿದೆ. 48ರಲ್ಲಿ ಮಾಡಿದ್ರೆ ಫೈಲಲ್ಲಿ 24 ಕಿಲೋಹರ್ಟ್ಜ್ ಮೇಲೆ ಏನೂ ಇರಲ್ಲ, ಒಂದು ಆಕ್ಟೇವ್ ಇಳಿಸಿದ್ರೆ 12ರ ಮೇಲೆ ಖಾಲಿ, ಸೌಂಡ್ ಮೇಲೆ ಕಂಬಳಿ ಹೊದಿಸಿದ್ದು ಆಗುತ್ತೆ. ಹಂಗಂತ 96 ಹಾಕಿದ ತಕ್ಷಣ ಎಲ್ಲಾ ಸಿಗುತ್ತೆ ಅಂತಲ್ಲ, ಮಾಮೂಲಿ ಮೈಕ್‌ಗಳು 20 ಕಿಲೋಹರ್ಟ್ಜ್ ದಾಟಿದ ಮೇಲೆ ಸರಿಯಾಗಿ ಕೇಳಿಸ್ಕೊಳ್ಳಲ್ಲ, ಸಿಕ್ಕಷ್ಟು ಲಾಭ. ಇಳಿಸಿದ ಮೇಲೆ ಆ ಚಿಟಪಟ ಒಂದು ದೊಡ್ಡ ಒದ್ದೆ ಬಾಯಿಯ ಸೌಂಡ್ ಆಯ್ತು. 1 ಕಿಲೋಹರ್ಟ್ಜ್ ಕೆಳಗಿನದೆಲ್ಲ ಕಟ್ ಮಾಡಿದೆ, ಅಲ್ಲಿ ಬರೀ ರೂಮಿನ ಗುಂಯ್‌ ಇರುತ್ತೆ.

ಈಗ ಮೂರನ್ನೂ ಕಟ್ಟೋದು. ಹುಳದ ಸೌಂಡು ಒಂದೇ ಸಮ ಹರೀತಾ ಇರುತ್ತೆ, ಹಂಗೇ ಇಟ್ರೆ ಪ್ರಾಣಿ ಹಿಂದೆ ಯಾರೋ ಕಾಗದ ಹರೀತಿದಾರೆ ಅನ್ನಿಸುತ್ತೆ. ಅದಕ್ಕೆ ಅದರ ವಾಲ್ಯೂಮನ್ನ ಲೀಡ್ ದನಿಯ ಏರಿಳಿತಕ್ಕೆ ಕಟ್ಟಿಹಾಕಿದೆ, ರೀಪರ್‌ನಲ್ಲಿ ಪ್ಯಾರಾಮೀಟರ್ ಮಾಡ್ಯುಲೇಶನ್ ಒಳಗೆ ಆಡಿಯೋ ಕಂಟ್ರೋಲ್ ಸಿಗ್ನಲ್ ಅಂತ ಇದೆ, ಅಟ್ಯಾಕ್ 10 ಮಿಲಿಸೆಕೆಂಡ್, ರಿಲೀಸ್ 120 ಹತ್ರ. ಲೀಡ್ ಕೂಗಿದ್ರೆ ಬಾಯಿ ತೆರೆಯುತ್ತೆ, ನಿಲ್ಲಿಸಿದ್ರೆ ಮುಚ್ಚುತ್ತೆ. ಇಂಥ ಸೌಕರ್ಯ ಇಲ್ಲದ ಸಾಫ್ಟ್‌ವೇರ್ ಆದ್ರೆ ವಾಲ್ಯೂಮ್ ಎನ್ವಲಪ್ ಕೈಯಲ್ಲೇ ಬರೀಬೋದು, ಹೊತ್ತು ಹಿಡಿಯುತ್ತೆ ಅಷ್ಟೇ. ಮೂರರ ಶುರುನೂ 30 ಮಿಲಿಸೆಕೆಂಡ್ ಒಳಗೆ ಇರೋ ಹಾಗೆ ಎಳೆದು ಜೋಡಿಸಿದೆ, ಅದಕ್ಕಿಂತ ದೂರ ಹೋದ್ರೆ ಬೇರೆ ಬೇರೆ ಅಂತ ಕೇಳೋಕೆ ಶುರುವಾಗುತ್ತೆ. ಆಮೇಲೆ ಮೂರನ್ನೂ ಒಂದು ಬಸ್‌ಗೆ, ಅಂದ್ರೆ ಮೂರೂ ಸೇರೋ ಒಂದೇ ಟ್ರ್ಯಾಕ್‌ಗೆ, ಕಳಿಸಿ ಅಲ್ಲಿ ಮಾತ್ರ ಈಕ್ಯೂ, ಸ್ವಲ್ಪ ಸ್ಯಾಚುರೇಶನ್, ಒಂದು ರಿವರ್ಬ್. ಒಂದೊಂದು ಲೇಯರಿಗೆ ಬೇರೆ ಬೇರೆ ರಿವರ್ಬ್ ಹಾಕಿದ್ರೆ ಒಂದೊಂದು ಬೇರೆ ಬೇರೆ ಜಾಗದಲ್ಲಿ ನಿಂತ ಹಾಗೆ ಆಗಿ ಇಷ್ಟು ಹೊತ್ತು ಮಾಡಿದ್ದೆಲ್ಲ ಬಿಟ್ಟುಹೋಗುತ್ತೆ.

ಸ್ಯಾಚುರೇಶನ್ ಅಂದ್ರೆ ದನಿಯನ್ನ ಸ್ವಲ್ಪ ಒಡೆಯೋದು, ಅದು ಬರೀ ಗಡುಸುತನಕ್ಕೆ ಅಲ್ಲ. ಕಿರುಚಿತ್ರ ಮುಕ್ಕಾಲು ಜನ ನೋಡೋದು ಮೊಬೈಲಲ್ಲಿ, ಆ ಸ್ಪೀಕರ್‌ನಲ್ಲಿ 80 ಹರ್ಟ್ಜ್ ಕೇಳೋದೇ ಇಲ್ಲ, ಕರು ಪೂರ್ತಿ ಮಾಯ ಆಗುತ್ತೆ. ಸ್ಯಾಚುರೇಟ್ ಮಾಡಿದ್ರೆ ಅದರ ಮೇಲಿನ ಸ್ವರಗಳು ಗಟ್ಟಿಯಾಗುತ್ವೆ, 80 ಇಲ್ಲದಿದ್ರೂ ಮಿದುಳು ಅದನ್ನ ತಾನೇ ತುಂಬ್ಕೊಳ್ಳುತ್ತೆ. ಹಂಗಾಗಿ ನಾನು ಪ್ರತಿ ಸಲ ಮೊದಲು ಫೋನಲ್ಲಿ, ಆಮೇಲೆ ಹೆಡ್‌ಫೋನಲ್ಲಿ ಕೇಳ್ತೀನಿ. ಮೋನೋ ಮಾಡಿದಾಗ ದನಿ ತೆಳ್ಳಗಾದ್ರೆ ಲೀಡು ಮತ್ತೆ ಕರು ಒಂದನ್ನೊಂದು ಕ್ಯಾನ್ಸಲ್ ಮಾಡ್ತಿವೆ ಅಂತ ಅರ್ಥ, ಕರುವನ್ನ ಕೆಲವು ಮಿಲಿಸೆಕೆಂಡ್ ಜರುಗಿಸಿ ನೋಡಬೇಕು. ಕೊನೆ ಪರೀಕ್ಷೆಗೆ, ಏನೂ ಹೇಳದೆ ದೊಡ್ಡಮ್ಮನಿಗೆ ಕೇಳಿಸಿದೆ, ದಿನಾ ಆ ಕರು ಜೊತೆ ಇರೋರು ಅವರು. "ಇದ್ಯಾವ್ದೋ ಎಂಥದ್ದೋ, ಹೊಟ್ಟೆಗೆ ಹಾಕಿಲ್ವಾ ಅದಕ್ಕೆ?" ಅಂತ ಕೇಳಿದ್ರು.

ಒಂದು ಕೂಗು ಆದ್ಮೇಲೆ ಡೈರೆಕ್ಟರ್‌ಗೆ ಸಿಟ್ಟಿನ ಕೂಗು, ಮಲಗಿದಾಗಿನ ಉಸಿರು ಬೇಕಿತ್ತು. ಆಗ ರೆಡಿ ಇರೋ ಫೈಲನ್ನೇ ಇನ್ನೆರಡು ಸೆಮಿಟೋನ್ ಇಳಿಸಿ ಸಿಟ್ಟು ಅಂತ ಕೊಡೋದು ಸುಲಭ, ಆದ್ರೆ ಫಾರ್ಮೆಂಟೂ ಇಳಿದು ಅದು ಬೇರೆ, ಇನ್ನೂ ದೊಡ್ಡ ಪ್ರಾಣಿ ಆಗುತ್ತೆ. ಅದಕ್ಕೆ ಲೀಡ್‌ನ 7 ಅನ್ನೋ ನಂಬರು ಸಿನಿಮಾ ಪೂರ್ತಿ ಮುಟ್ಟಲಿಲ್ಲ, ಪ್ರತಿ ಭಾವಕ್ಕೂ ಹೊಸದಾಗಿ ಕೂಗಿದೆ, ಕರುವಿನ ತುಂಡನ್ನ ಹೊಸ ಲೀಡ್‌ಗೆ ಟ್ಯೂನ್ ಮಾಡಿದೆ. ಸೈಜ್ ಬದಲಾಯಿಸಿದ್ದು ಒಂದೇ ಕಡೆ, ಅದರ ಮರಿ ಬರೋ ಶಾಟಲ್ಲಿ. ಅಲ್ಲಿ ಲೀಡನ್ನ 3 ಸೆಮಿಟೋನ್ ಮಾತ್ರ ಇಳಿಸಿದೆ, ಕರುವನ್ನ ಇಳಿಸದೆ ಹತ್ತಿರದ ಸ್ವರಕ್ಕೆ ಟ್ಯೂನ್ ಮಾಡಿ ತುಂಬ ಕಮ್ಮಿ ಇಟ್ಟೆ, ಹುಳದ ಲೇಯರ್ ಹಾಗೇ ಬಿಟ್ಟೆ. ಅಮ್ಮನದೂ ಮರಿಯದೂ ಪಕ್ಕ ಪಕ್ಕ ಹಾಕಿ ಕೇಳಿದ್ರೆ ಒಂದೇ ಜಾತಿ ಅಂತ ಗೊತ್ತಾಗುತ್ತೆ, ಆ ಬಾಯಿ ಸೌಂಡ್ ಎರಡಕ್ಕೂ ಒಂದೇ ಇರೋದರಿಂದ.