ಆಗಸ್ಟನ್ನು ಆಗಸ್ಟಿನ ಜೊತೆಗೇ ಹೋಲಿಸಿ ಬರೆದ ರೆಸ್ಯೂಮ್

ಫೌಂಡ್ರಿಯ ಕ್ವಾಲಿಟಿ ಕೆಲಸಕ್ಕೆ ರೆಸ್ಯೂಮ್ ಬರೆಯುವಾಗ, ಒಂದೇ ಡಿಫೆಕ್ಟ್ ಹಿಡಿದು ಐದು ಸಾಲು ಬರೆದರೆ ಯಾರೂ ಕರೆಯುವುದಿಲ್ಲ, ಸೆವೆನ್ ಕ್ಯೂಸಿ, ಕೈಜೆನ್, ಪೋಕಾ ಯೋಕೆ ಎಂದು ಕ್ವಾಲಿಟಿ ಟೂಲ್ ಎಲ್ಲ ತುಂಬಿಸು ಎಂದೇ ಜೊತೆಯವರು ಹೇಳುತ್ತಿದ್ದರು. ಎರಡು ಬಗೆಯ ಪ್ರತಿ ಮಾಡಿ ಒಂದೊಂದನ್ನೂ ಇಪ್ಪತ್ತು ಚಿಲ್ಲರೆ ಕಡೆಗೆ ಕಳಿಸಿದೆ. ಟೂಲ್‌ಗಳ ಪಟ್ಟಿ ಇದ್ದದ್ದಕ್ಕೆ ಒಂದು ಕರೆ ಬಂತು, ಐದು ಸಾಲಿನದಕ್ಕೆ ಆರೇಳು. ಆ ಐದು ಸಾಲು ಹೇಗೆ ಬಂದವು ಎಂಬುದೇ ಈ ಬರಹ.

ಕೆಲಸ ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕಡೆಯ ಒಂದು ಗ್ರೇ ಐರನ್ ಫೌಂಡ್ರಿಯದು. ಎಂಟು ಕೆಜಿ ಹೌಸಿಂಗ್, ಒಳಗಿನ ಟೊಳ್ಳಿಗೆ ಮರಳಿನ ಸಿಒ2 ಕೋರ್. ಆರಿದ್ರಾ ಮಳೆ ಹಿಡಿದ ಮೇಲೆ ಗ್ಯಾಸ್ ಸಿಕ್ಕಿ ಆಗುವ ತೂತು, ಅಂದರೆ ಬ್ಲೋಹೋಲ್ ಶುರುವಾಗಿ ಆಶ್ಲೇಷ ಮುಗಿಯುವ ತನಕ ಬಿಡುತ್ತಿರಲಿಲ್ಲ. ತೂತು ಕಾಣುತ್ತಿದ್ದದ್ದು ಮಷಿನಿಂಗ್ ಆದ ಮೇಲೆ, ಅದೂ ಕೋರ್ ಕೂತ ಗೋಡೆಯಲ್ಲೇ, ನುಣುಪಾಗಿ ಹೊಳೆಯುವ ಗುಂಡನೆಯ ತೂತು. ಮೊದಲು ಮೋಲ್ಡಿಂಗ್ ಮರಳಿನ ತೇವದ ಮೇಲೆ ತಪ್ಪು ಹಾಕಿ ತಿಂಗಳು ಕಳೆದೆವು. ತೇವ ಇಳಿಸಿದ್ದಕ್ಕೆ ಮೋಲ್ಡಿನ ಅಂಚು ಉದುರಿ ಸ್ಯಾಂಡ್ ಇನ್‌ಕ್ಲೂಷನ್ ಹೆಚ್ಚಾಯಿತೇ ಹೊರತು ಬ್ಲೋಹೋಲ್ ಕದಲಲಿಲ್ಲ. ಆಮೇಲೆ ಕೋರನ್ನೇ ತೂಗಿದೆವು. ಒಂದು ಕೆಜಿ ಚಿಲ್ಲರೆಯ ಕೋರ್ ಎರಡು ದಿನ ಶೆಡ್ಡಿನಲ್ಲಿ ಕೂತರೆ ಆರೆಂಟು ಗ್ರಾಂ ಏರುತ್ತಿತ್ತು. ಕೋರಿನ ಮರಳನ್ನು ಹಿಡಿದಿಡುವ ಸಿಲಿಕೇಟ್, ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕಬ್ಬಿಣ ಸುರಿದಾಗ ಆ ನೀರೇ ಗ್ಯಾಸ್. ಕೋರ್ ಟ್ರೇಗೆ ದಿನಾಂಕ, ಶಿಫ್ಟಿನ ಚೀಟಿ ಕಟ್ಟಿದೆವು. 24 ಗಂಟೆ ದಾಟಿದ್ದನ್ನು ಮತ್ತೆ ಓವನ್ನಿಗೆ ಹಾಕಿ, ಶಿಫ್ಟಿಗೆ ಮೂರು ಕೋರ್ ತೂಗುವುದನ್ನು ಕಂಟ್ರೋಲ್ ಪ್ಲಾನಿಗೆ ಸೇರಿಸಿದೆವು. ಕೋರಿಗೆ ಬಳಿಯುವ ಕೋರ್ ವಾಷ್‌ನಲ್ಲಿ ಮಾಡಿದ ಬದಲಾವಣೆ ಆ ಫೌಂಡ್ರಿಯ ಸೊತ್ತು; ಅದನ್ನು ರೆಸ್ಯೂಮಿನಲ್ಲೂ ಬರೆದಿಲ್ಲ, ಇಲ್ಲೂ ಬರೆಯುವುದಿಲ್ಲ.

ಐದು ಸಾಲನ್ನು ಮೊದಲು ಬರೆದಾಗ ಆಗಸ್ಟಿನ ರಿಜೆಕ್ಷನ್ ಪಕ್ಕ ಜನವರಿಯದನ್ನು ಇಟ್ಟಿದ್ದೆ. ದೊಡ್ಡ ಇಳಿಕೆ ಕಾಣುತ್ತಿತ್ತು. ಆದರೆ ಮಲೆನಾಡಿನಲ್ಲಿ ಏನೂ ಮಾಡದೆ ಕೂತರೂ ಜನವರಿಯಲ್ಲಿ ಬ್ಲೋಹೋಲ್ ಇಳಿಯುತ್ತದೆ! ಒಂದು ಸಂದರ್ಶನದಲ್ಲಿ ಪ್ಲಾಂಟ್ ಹೆಡ್ ತಿಂಗಳು ಕೇಳಿದರು, ಅಲ್ಲಿಗೆ ಮಾತು ಮುಗಿಯಿತು. ಹಾಗಾಗಿ ಜುಲೈಯಿಂದ ಸೆಪ್ಟೆಂಬರ್, ಮರುವರ್ಷದ ಅದೇ ಮೂರು ತಿಂಗಳು ಎಂದು ತಿದ್ದಿದೆ. ಮೊದಲ ವರ್ಷ 12,000 ಎರಕದಲ್ಲಿ ಒಟ್ಟು 780 ರಿಜೆಕ್ಟ್, ಅದರಲ್ಲಿ ಬ್ಲೋಹೋಲ್ 460ರಷ್ಟು. ಮರುವರ್ಷ 13,500ರಲ್ಲಿ ಬ್ಲೋಹೋಲ್ 110ರ ಆಸುಪಾಸು. ಅಂದರೆ ಶೇ. 3.8ರಿಂದ 0.8. ಒಟ್ಟು ರಿಜೆಕ್ಷನ್ ಇಳಿಸಿದೆ ಎಂದು ಬರೆಯಲಿಲ್ಲ, ಉಳಿದ ಡಿಫೆಕ್ಟ್‌ಗಳಲ್ಲಿ ನನ್ನ ಕೈವಾಡ ಕಡಿಮೆ. ಎಣಿಕೆ, ಎರಕದ ಮರಳು, ಅಂಚು ಉಜ್ಜಿ ತೆಗೆಯುವ ಫೆಟ್ಲಿಂಗ್‌ನಲ್ಲೋ ಮಷಿನಿಂಗ್ ನಂತರವೋ ಎಂಬುದನ್ನೂ ಅದೇ ಸಾಲಿನಲ್ಲಿ ಹೇಳಬೇಕು, ಇಲ್ಲದಿದ್ದರೆ ಶೇಕಡಾ ಅಂಕಿಗೆ ಅರ್ಥವಿಲ್ಲ.

ದುಡ್ಡಿನ ಸಾಲಿನಲ್ಲಿ ಎಲ್ಲರೂ ಎಡವುತ್ತಾರೆ. ಹಳೆಯ ದರವೇ ಇದ್ದಿದ್ದರೆ ಹೋಗುತ್ತಿದ್ದ 400 ಪೀಸ್ ಉಳಿದವು. ಪೀಸಿಗೆ ಮಾರಾಟದ ಬೆಲೆ 800 ರೂಪಾಯಿ ಹಿಡಿದು 3.2 ಲಕ್ಷ ಎಂದರೆ ಫೌಂಡ್ರಿಯವರು ನಕ್ಕುಬಿಡುತ್ತಾರೆ, ಏಕೆಂದರೆ ರಿಜೆಕ್ಟ್ ಆದದ್ದು ಫರ್ನೇಸಿಗೆ ವಾಪಸ್ ಹೋಗುತ್ತದೆ. ಆ ಲೋಹದ ಬೆಲೆ 280 ಕಳೆದರೆ ನಷ್ಟ 520; ಉಳಿತಾಯ 2.1 ಲಕ್ಷ. ಹಳೆಯ ಓವನ್, ಟ್ರೇ ಎಂದು 85,000 ಖರ್ಚಾಗಿತ್ತು, ಅದನ್ನೂ ಕಳೆದು 1.25 ಲಕ್ಷ ಎಂದೇ ಬರೆದೆ. ಸಣ್ಣ ಅಂಕಿ ಬೇಡ ಎಂದವರೇ ಹೆಚ್ಚು. ಆರೇಳು ಸಂದರ್ಶನಗಳಲ್ಲಿ ಒಬ್ಬರೂ ಈ ಸಾಲನ್ನು ಕೆಡವಲಾಗಲಿಲ್ಲ.

ಆಡಿಟ್ ವಿಷಯ ಚಿಕ್ಕದು. ‘ಐಎಟಿಎಫ್ 16949 ಸರ್ಟಿಫೈಡ್’ ಎಂದು ವ್ಯಕ್ತಿಯ ಹೆಸರಿನ ಕೆಳಗೆ ಬರೆಯಬಾರದು, ವಾಹನೋದ್ಯಮದ ಆ ಗುಣಮಟ್ಟದ ಸರ್ಟಿಫಿಕೇಟ್ ಕಾರ್ಖಾನೆಯದು. ನಾನು ಬರೆದದ್ದು ಇಂಟರ್ನಲ್ ಆಡಿಟರ್ ಎಂದು, ಜೊತೆಗೆ ಪ್ರೋಸೆಸ್ ಆಡಿಟ್ ಎಷ್ಟು, ಪ್ರಾಡಕ್ಟ್ ಆಡಿಟ್ ಎಷ್ಟು, ನಿಯಮ ತಪ್ಪಿದ್ದೆಂದು ಎತ್ತಿದ ಎನ್‌ಸಿ ಎಷ್ಟು, ಮುಂದಿನ ಆಡಿಟಿನಲ್ಲಿ ಮರುಕಳಿಸಿದ್ದು ಎಷ್ಟು. ಕೊನೆಯ ಅಂಕಿಯೇ ಮುಖ್ಯ. ಎಲ್ಲಿ ಏನು ಕೆಡಬಹುದು ಎಂದು ಮೊದಲೇ ಲೆಕ್ಕ ಹಾಕುವ ಎಫ್ಎಂಇಎ ಬರೆಯುವಾಗ ಇನ್ನೊಂದು ಎಚ್ಚರ: 2019ರ ಎಐಎಜಿ-ವಿಡಿಎ ಕೈಪಿಡಿಯಲ್ಲಿ ಅಪಾಯ ಅಳೆಯುವ ಅಂಕಿಯಾದ ಆರ್‌ಪಿಎನ್ ಬದಲು ಆ್ಯಕ್ಷನ್ ಪ್ರಯಾರಿಟಿ ಬಂದಿದೆ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಪರೇಟೊ ಚಾರ್ಟಿನ ಚಿತ್ರ ಅಂಟಿಸಿಯೂ ನೋಡಿದೆ. ಜಾಬ್ ಪೋರ್ಟಲಿಗೆ ಹಾಕಿದಾಗ ಚಿತ್ರ ಮಾಯವಾಗಿ ಸುತ್ತಲಿನ ಸಾಲುಗಳು ಕಲಸಿಹೋದವು. ಈಗ ಚಾರ್ಟು ಕೈಯಲ್ಲಿ ಒಯ್ಯುವ ಫೈಲಿನಲ್ಲಿದೆ, ಗ್ರಾಹಕರ ಹೆಸರು, ಡ್ರಾಯಿಂಗ್ ನಂಬರ್ ಅಳಿಸಿ. ಆ ಫೈಲಿನ ಮೊದಲ ಹಾಳೆ ಯಾವುದು ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.